ಫೋಟೋದಲ್ಲಿ ಕಾಣುವ ಹುಳು

ಮನೆಮಂದಿಯ ವಾಟ್ಸಾಪ್ ಗುಂಪಿಗೆ ಆಗಾಗ ಬರುವ ಫೋಟೋ ಇದು: ಡಬ್ಬಿಯಲ್ಲಿ ಹೆಸರುಕಾಳು, ಅಲ್ಲಲ್ಲಿ ಗುಂಡು ತೂತು, ಕೆಳಗೆ ‘ಬಿಸಾಡಲೇ?’ ಎಂಬ ಪ್ರಶ್ನೆ.

ಫೋಟೋ ಹಿಗ್ಗಿಸಿ ನೋಡಿ. ಕಾಳಿನ ಸಿಪ್ಪೆಗೆ ಬಿಳಿ ಚುಕ್ಕೆಗಳು ಅಂಟಿದ್ದರೆ ಅವು ಕುಟ್ಟೆ ಹುಳುವಿನ ಮೊಟ್ಟೆ. ಮರಿ ನೇರವಾಗಿ ಕಾಳಿನೊಳಗೆ ಕೊರೆದು ಅಲ್ಲೇ ತಿಂದು ಬೆಳೆಯುತ್ತದೆ. ದುಂಡು ತೂತು ಅದು ಹೊರಬಿದ್ದ ಬಾಗಿಲು. ಹಾಗಾಗಿ ತೂತಿಲ್ಲದ ಕಾಳೂ ಶುದ್ಧವೆಂದು ಹೇಳಲಾಗದು. ಬಿಸಿಲಿಗೆ ಹರವಿದರೆ ದೊಡ್ಡ ಹುಳುಗಳು ಓಡಿಹೋಗುತ್ತವೆ, ಒಳಗಿನ ಮರಿ ಉಳಿಯಬಹುದು. ಫ್ರೀಜರಿನಲ್ಲಿ ಒಂದು ವಾರ ಇಡುವುದು ಹೆಚ್ಚು ಖಚಿತ. ಅಲ್ಲೊಂದು ಇಲ್ಲೊಂದು ತೂತಿದ್ದರೆ ಹೀಗೆ ಮಾಡಿ, ಬೇಯಿಸುವ ಮುನ್ನ ನೀರಿಗೆ ಹಾಕಿ ತೇಲಿದ ಟೊಳ್ಳು ಕಾಳನ್ನು ತೆಗೆದುಬಿಡಿ. ಹಿಡಿ ಕಾಳಿನಲ್ಲಿ ಅರ್ಧ ತೂತಾಗಿದ್ದರೆ ಆ ಶ್ರಮ ದಂಡ.

ಹಿಟ್ಟಿನ ಲೆಕ್ಕ ಬೇರೆ. ಗಂಟುಗಳನ್ನು ಚಮಚದಿಂದ ಎತ್ತಿದಾಗ ಎಳೆ ಜೋತಾಡಿದರೆ ಅದು ಪತಂಗದ ಮರಿ ನೇಯ್ದ ಬಲೆ. ಬಲೆಯಲ್ಲಿ ಹಿಕ್ಕೆ, ಕಳಚಿದ ಪೊರೆ ಸೇರಿರುತ್ತವೆ. ಜರಡಿ ಹಿಡಿದರೂ ಪುಡಿಯಾದ ಹಿಕ್ಕೆ, ಸಣ್ಣ ಮೊಟ್ಟೆ ಕೆಳಗಿಳಿಯುತ್ತವೆ, ಬಿಸಾಡುವುದೇ ಸರಿ. ಎಳೆಯಿಲ್ಲದೆ ಬೆರಳಲ್ಲಿ ಪುಡಿಯಾಗುವ ಗಂಟು ಬರೀ ತೇವ, ಆದರೆ ಬೂಷ್ಟಿನ ವಾಸನೆ ಬಂದರೆ ಅದನ್ನೂ ಉಳಿಸಬೇಡಿ. ಈ ವಾಸನೆ ಫೋಟೋದಲ್ಲಿ ಬರುವುದಿಲ್ಲ. ಕಳಿಸಿದವರನ್ನು ಮೂಸಿ ನೋಡಲು ಹೇಳಬೇಕು. ಕೆಂಪು ಹಿಟ್ಟು ಹುಳು ಹೆಚ್ಚಾದಾಗಲೂ ಘಾಟು ಹುಟ್ಟುತ್ತದೆ, ರೊಟ್ಟಿ ಬೇಯಿಸಿದರೂ ಅದು ಹೋಗದು.