ಮಾರ್ಚ್ 28ರ ಜಮೆ

ಸಹಕಾರಿ ಬ್ಯಾಂಕಿನ ಆಡಿಟ್‌ಗೆ ಹೋದಾಗ ಮ್ಯಾನೇಜರು ಎನ್‌ಪಿಎ ಪಟ್ಟಿಯನ್ನು ಮೊದಲೇ ಮುದ್ರಿಸಿ ಮೇಜಿನ ಮೇಲಿಟ್ಟಿರುತ್ತಾರೆ. ಸಾಲಗಾರನ ಹೆಸರು, ಬಾಕಿ, ಎನ್‌ಪಿಎ ಆದ ದಿನಾಂಕ, ಅಡಮಾನದ ಬೆಲೆ, ಎತ್ತಿಟ್ಟ ಮೊತ್ತ, ಎಲ್ಲವೂ ಅಚ್ಚುಕಟ್ಟು. ಆ ಮೊತ್ತಕ್ಕೆ ಬ್ಯಾಂಕಿನವರ ಮಾತಿನಲ್ಲಿ ಪ್ರಾವಿಜನ್. ಸಾಲ ಮುಳುಗಿದರೆ ತಡೆದುಕೊಳ್ಳಲೆಂದು ಈ ವರ್ಷದ ಆದಾಯದಿಂದಲೇ ತೆಗೆದಿಡುವ ಹಣ ಅದು. ಪ್ರಾವಿಜನ್ ಹೆಚ್ಚಿದಷ್ಟೂ ಲಾಭ ಇಳಿಯುತ್ತದೆ. ಹಾಗಾಗಿ ಪಟ್ಟಿಯ ಮೊತ್ತಗಳನ್ನು ಕೂಡಿ ನೋಡುವುದರಲ್ಲಿ ನಾನು ಹೊತ್ತು ಕಳೆಯುವುದಿಲ್ಲ, ಕಂಪ್ಯೂಟರ್ ಕೂಡುವುದರಲ್ಲಿ ತಪ್ಪುವುದಿಲ್ಲ. ತಪ್ಪು ಇದ್ದರೆ ಎರಡು ಕಾಲಮ್ಮುಗಳಲ್ಲಿ ಇರುತ್ತದೆ: ದಿನಾಂಕ ಮತ್ತು ಅಡಮಾನದ ಬೆಲೆ.

ದಿನಾಂಕ ಏಕೆ ಮುಖ್ಯ ಎಂದರೆ, ಉಳಿದುದೆಲ್ಲ ಅಲ್ಲಿಂದ ಎಣಿಕೆಯಾಗುತ್ತದೆ. ಕಂತು 90 ದಿನ ಸುಸ್ತಿಯಾದರೆ ಸಾಲ ಎನ್‌ಪಿಎ. ಮೊದಲ ಹನ್ನೆರಡು ತಿಂಗಳು ಅದು ‘ಸಬ್‌ಸ್ಟ್ಯಾಂಡರ್ಡ್’, ಅಂದರೆ ಕಾಯಿಲೆ ಬಿದ್ದಿದೆ, ಇನ್ನೂ ಹಾಸಿಗೆ ಹಿಡಿದಿಲ್ಲ. ಪಟ್ಟಣ ಸಹಕಾರಿ ಬ್ಯಾಂಕುಗಳಲ್ಲಿ ಇದಕ್ಕೆ ಬಾಕಿಯ ಶೇ 10ರಷ್ಟು ಎತ್ತಿಟ್ಟರೆ ಸಾಕು. ಆ ವರ್ಷ ಕಳೆದ ಮೇಲೆ ಸಾಲ ‘ಸಂಶಯಾಸ್ಪದ’ವಾಗುತ್ತದೆ. ಆಗ ಬಾಕಿಯನ್ನು ಎರಡು ಭಾಗ ಮಾಡಬೇಕು. ಅಡಮಾನ ಮಾರಿದರೂ ಕೈಗೆ ಬಾರದ ಭಾಗಕ್ಕೆ ಪೂರ್ತಿ ನೂರಕ್ಕೆ ನೂರು. ಅಡಮಾನದ ಬೆಲೆಯಷ್ಟಿರುವ ಭಾಗಕ್ಕೆ ಸಂಶಯದ ಮೊದಲ ವರ್ಷ ಶೇ 20, ಒಂದರಿಂದ ಮೂರು ವರ್ಷದವರೆಗೆ ಶೇ 30, ಮೂರು ವರ್ಷ ದಾಟಿದರೆ ಅಡಮಾನ ಎಷ್ಟೇ ಗಟ್ಟಿಯಿದ್ದರೂ ನೂರಕ್ಕೆ ನೂರು. ವರ್ಷ ಕಳೆದಂತೆ ಮೆಟ್ಟಿಲು ಏರುತ್ತಲೇ ಹೋಗುತ್ತದೆ. ಇದನ್ನು ತಪ್ಪಿಸಿಕೊಳ್ಳಲು ಮೆಟ್ಟಿಲನ್ನು ಕೆಡವಬೇಕಿಲ್ಲ, ಏರಲು ಶುರುಮಾಡಿದ ದಿನವನ್ನು ಮುಂದೆ ಹಾಕಿದರಾಯಿತು.

ಒಂದು ತಾಲ್ಲೂಕು ಕೇಂದ್ರದ ಬ್ಯಾಂಕಿನಲ್ಲಿ (ಹೆಸರು ಬೇಡ) 2025ರ ಮಾರ್ಚ್ 31ರ ಲೆಕ್ಕ ನೋಡುತ್ತಿದ್ದೆ. ಪಟ್ಟಿಯಲ್ಲಿ ಒಂದು ಅಕ್ಕಿ ಗಿರಣಿಯ ಸಾಲ. ಅಸಲು ಬಾಕಿ 50 ಲಕ್ಷ, ಎನ್‌ಪಿಎ ಆದದ್ದು 2023ರ ಜೂನ್ 29, ಅಡಮಾನದ ಬೆಲೆ 45 ಲಕ್ಷ. ಈ ದಿನಾಂಕ ಸರಿಯಿದ್ದರೆ ಸಾಲ ಸಂಶಯಾಸ್ಪದವಾದದ್ದು 2024ರ ಜೂನ್‌ನಲ್ಲಿ, ಅಂದರೆ ಇನ್ನೂ ಮೊದಲ ವರ್ಷ. ಅಡಮಾನ ಮೀರಿದ 5 ಲಕ್ಷಕ್ಕೆ ಪೂರ್ತಿ 5 ಲಕ್ಷ, ಉಳಿದ 45 ಲಕ್ಷಕ್ಕೆ ಶೇ 20ರಂತೆ 9 ಲಕ್ಷ. ಒಟ್ಟು 14 ಲಕ್ಷ. ಬ್ಯಾಂಕು ಅಷ್ಟನ್ನೇ ಎತ್ತಿಟ್ಟಿತ್ತು.

ಲೆಡ್ಜರನ್ನು ಹಿಂದಕ್ಕೆ ತಿರುವುತ್ತಾ ಹೋದೆ. ಮೂರು ತಿಂಗಳಿಗೊಮ್ಮೆ 3 ಲಕ್ಷದ ಕಂತು. 2021ರ ಡಿಸೆಂಬರ್ 31ರ ಕಂತು ಬಂದಿಲ್ಲ. ಅದಕ್ಕೆ 90 ದಿನ ತುಂಬುವುದು ಸರಿಯಾಗಿ 2022ರ ಮಾರ್ಚ್ 31ಕ್ಕೆ, ಅಂದರೆ ಲೆಕ್ಕ ಮುಗಿಯುವ ದಿನವೇ. ಆದರೆ ಮಾರ್ಚ್ 28ಕ್ಕೆ ಒಂದೇ ಗಂಟಿನಲ್ಲಿ 15 ಲಕ್ಷ ಜಮೆಯಾಗಿದೆ. ಐದು ಕಂತಿನ ಹಣ! ಮೂರು ತಿಂಗಳಿಂದ ಮೂರು ಲಕ್ಷ ಹೊಂದಿಸಲಾಗದ ಮನುಷ್ಯನಿಗೆ ಇಷ್ಟು ದುಡ್ಡು ಎಲ್ಲಿಂದ ಬಂತು?

ಆಡಿಟರ್ ಆದವನು ಮಾರ್ಚ್ ಕೊನೆಯ ವಾರದ ದೊಡ್ಡ ಜಮೆಗಳನ್ನೆಲ್ಲ ಒಂದು ಹಾಳೆಗಿಳಿಸಿ, ಪ್ರತಿಯೊಂದರ ವೋಚರ್ ತರಿಸಬೇಕು. ಆ 15 ಲಕ್ಷದ್ದು ನಗದಲ್ಲ, ಬೇರೆ ಬ್ಯಾಂಕಿನ ಚೆಕ್ಕೂ ಅಲ್ಲ, ಅದೇ ಶಾಖೆಯ ವರ್ಗಾವಣೆ ವೋಚರ್. ಎದುರಿಗಿದ್ದ ಖಾತೆ ಗಿರಣಿ ಮಾಲೀಕನ ತಮ್ಮನದು. ಅದೇ ದಿನ ಬೆಳಿಗ್ಗೆ ‘ಬಟ್ಟೆ ಅಂಗಡಿ ವಿಸ್ತರಣೆ’ಗೆಂದು ಅವನಿಗೆ 15 ಲಕ್ಷದ ಸಾಲ ಮಂಜೂರಾಗಿದೆ. ಕಡತದಲ್ಲಿ ಅಂಗಡಿಯ ಲೈಸೆನ್ಸೂ ಇಲ್ಲ, ಜಿಎಸ್‌ಟಿ ನೋಂದಣಿಯೂ ಇಲ್ಲ. ಬ್ಯಾಂಕು ತನ್ನ ಬಲಗೈಯ ಹಣವನ್ನು ಎಡಗೈಗೆ ಹಾಕಿಕೊಂಡು ಕಂತು ಬಂತು ಎಂದು ಬರೆದಿತ್ತು.

“ಕಂತು ಕಟ್ಟಿದ್ದಾರಲ್ಲ ಸಾರ್, ಯಾರ ದುಡ್ಡಾದರೇನು?” ಎಂದರು ಮ್ಯಾನೇಜರು. ಅಣ್ಣನ ಕಂತನ್ನು ತಮ್ಮ ಸ್ವಂತ ಹಣದಿಂದ ಕಟ್ಟಿದ್ದರೆ ಅವರ ಮಾತು ಸರಿ. ಬ್ಯಾಂಕೇ ಹೊಸ ಸಾಲ ಕೊಟ್ಟು ಹಳೆಯ ಸುಸ್ತಿ ತೀರಿಸಿದರೆ ಅದು ವಸೂಲಿ ಅಲ್ಲ. ಆ ಜಮೆಯನ್ನು ಲೆಕ್ಕದಿಂದ ತೆಗೆದರೆ ಸಾಲ ಎನ್‌ಪಿಎ ಆದದ್ದು 2022ರ ಮಾರ್ಚ್ 31ಕ್ಕೆ, ಸಂಶಯಾಸ್ಪದವಾದದ್ದು 2023ರ ಮಾರ್ಚ್ 31ಕ್ಕೆ. ನಾನು ನೋಡುವ ಹೊತ್ತಿಗೆ ಸಂಶಯಕ್ಕೇ ಎರಡು ವರ್ಷ ತುಂಬಿತ್ತು. ದರ 20 ಅಲ್ಲ, 30.

ಮುಂಬೈಯ ಪಿಎಂಸಿ ಬ್ಯಾಂಕಿನ ಹಗರಣ 2019ರಲ್ಲಿ ಬಯಲಾದಾಗ, ಒಂದೇ ನಿರ್ಮಾಣ ಸಮೂಹದ ಕೆಟ್ಟ ಸಾಲಗಳನ್ನು ಮರೆಮಾಚಲು 21 ಸಾವಿರಕ್ಕೂ ಹೆಚ್ಚು ಸುಳ್ಳು ಖಾತೆಗಳನ್ನು ತೋರಿಸಲಾಗಿತ್ತು ಎಂಬುದು ದೂರಿನಲ್ಲಿತ್ತು. ಅದಕ್ಕೆ ಹೋಲಿಸಿದರೆ ತಮ್ಮನ ಬಟ್ಟೆ ಅಂಗಡಿ ಮಕ್ಕಳಾಟ. ಉದ್ದೇಶ ಮಾತ್ರ ಬೇರೆಯಲ್ಲ.

ಇನ್ನು ಅಡಮಾನ. 45 ಲಕ್ಷದ ಮೌಲ್ಯಮಾಪನ ವರದಿ 2019ರದು: ಜಾಗ ಮತ್ತು ಕಟ್ಟಡಕ್ಕೆ 31 ಲಕ್ಷ, ಯಂತ್ರಗಳಿಗೆ 14 ಲಕ್ಷ. ಕಾಗದ ನೋಡಿ ಇದನ್ನು ಒಪ್ಪುವುದಾಗಲೀ ಬಿಡುವುದಾಗಲೀ ಸಾಧ್ಯವಿಲ್ಲ, ಹೋಗಿ ನೋಡಲೇಬೇಕು. ಮಧ್ಯಾಹ್ನ ಶಾಖೆಯ ಹುಡುಗನ ಬೈಕಿನಲ್ಲಿ ಹೋದೆವು. ಗಿರಣಿಯ ಬಾಗಿಲಿಗೆ ಬೀಗ, ಹಿಂದಿನ ಕಿಟಕಿಗೆ ಗಾಜಿಲ್ಲ. ಇಣುಕಿದರೆ ಒಳಗೆ ಸಿಮೆಂಟಿನ ಕಟ್ಟೆಗಳು, ಕಟ್ಟೆಯ ಮೇಲೆ ತುಕ್ಕು ಹಿಡಿದು ನಿಂತ ಬೋಲ್ಟುಗಳು. ಅವುಗಳ ಮೇಲಿರಬೇಕಾದ ಯಂತ್ರ ಒಂದೂ ಇಲ್ಲ. ನೆಲದ ಹೊಟ್ಟಿನ ಮೇಲೆ ಲಾರಿ ಚಕ್ರದ ಹಳೆಯ ಗುರುತು. ಬ್ಯಾಂಕಿಗೆ ಅಡವಿಟ್ಟ ಯಂತ್ರಗಳು ಯಾವಾಗಲೋ ಮಾರಾಟವಾಗಿದ್ದವು.

ಹೊಸದಾಗಿ ಮೌಲ್ಯಮಾಪನ ಮಾಡಿಸಿದಾಗ ಜಾಗ, ಕಟ್ಟಡ ಸೇರಿ ನಿಜಕ್ಕೂ ಕೈಗೆ ಬರಬಹುದಾದದ್ದು 28 ಲಕ್ಷ. ಇಲ್ಲೂ ಒಂದು ಗೆರೆಯಿದೆ. ಬ್ಯಾಂಕು ಹಿಂದೆ ಅಂದಾಜಿಸಿದ ಬೆಲೆಯ ಅರ್ಧಕ್ಕಿಂತ ಕೆಳಗೆ ಅಡಮಾನ ಕುಸಿದಿದ್ದರೆ ವರ್ಷ ಕಾಯದೆ ನೇರವಾಗಿ ಸಂಶಯಾಸ್ಪದ ಎನ್ನಬೇಕು, ಬಾಕಿಯ ಹತ್ತನೇ ಒಂದಕ್ಕಿಂತ ಕಡಿಮೆಯಾದರೆ ಮುಳುಗಿದ ಸಾಲವೆಂದೇ ಬರೆಯಬೇಕು. 45ರಲ್ಲಿ ಅರ್ಧ ಇಪ್ಪತ್ತೆರಡೂವರೆ ಲಕ್ಷ. ನಮ್ಮದು ಆ ಗೆರೆಯ ಮೇಲೆಯೇ ಇತ್ತು.

ಈಗ ಲೆಕ್ಕ ಹೀಗೆ: ಅಡಮಾನ ಮೀರಿದ 22 ಲಕ್ಷಕ್ಕೆ ಪೂರ್ತಿ 22 ಲಕ್ಷ, 28 ಲಕ್ಷಕ್ಕೆ ಶೇ 30ರಂತೆ 8.40 ಲಕ್ಷ. ಒಟ್ಟು 30.40 ಲಕ್ಷ. ಬ್ಯಾಂಕು ಇಟ್ಟಿದ್ದಕ್ಕಿಂತ 16.40 ಲಕ್ಷ ಹೆಚ್ಚು. ತಮ್ಮನ ಹೆಸರಿನ 15 ಲಕ್ಷದ ಕಥೆ ಬೇರೆ, ಅದಕ್ಕೆ ಪ್ರತ್ಯೇಕ ಟಿಪ್ಪಣಿ ಬರೆಯಬೇಕಾಯಿತು.

“ನಮ್ಮಲ್ಲಿ ಬಾಕಿ ಬಡ್ಡಿ ಮೀಸಲು ಇದೆಯಲ್ಲ ಸಾರ್, ಅದರಿಂದಲೇ ಹೊಂದಿಸೋಣ” ಎಂದರು ಅಧ್ಯಕ್ಷರು. ಆ ಮೀಸಲು ಇನ್ನೂ ವಸೂಲಾಗದ ಬಡ್ಡಿಗೆ ಲೆಕ್ಕದ ಸಮತೋಲನಕ್ಕಾಗಿ ಬರೆದ ಎದುರು ನಮೂದು, ಅದರ ಹಿಂದೆ ಹಣವಿಲ್ಲ. ಬಾರದ ಬಡ್ಡಿಯಿಂದ ಬಾರದ ಅಸಲನ್ನು ತುಂಬಿಸಲಾಗದು. ಹಾಗಾದರೆ ಈ ವರ್ಷದ ಲಾಭ ಘೋಷಿಸಿಬಿಟ್ಟು, ಅದರಲ್ಲಿ ಒಂದು ಪಾಲನ್ನು ಸಂಶಯಾಸ್ಪದ ಸಾಲಗಳ ನಿಧಿಗೆ ಹಾಕೋಣವೇ ಎಂದು ಕೇಳಿದರು. ಹಿಂದೆ ಅನೇಕ ಬ್ಯಾಂಕುಗಳು ಹಾಗೆಯೇ ಮಾಡುತ್ತಿದ್ದವು. 2024-25ರಿಂದ ರಿಸರ್ವ್ ಬ್ಯಾಂಕ್ ಆ ದಾರಿ ಮುಚ್ಚಿದೆ: ನಿಯಮದ ಪ್ರಕಾರ ಬೇಕಾದ ಪ್ರಾವಿಜನ್ ಲಾಭ-ನಷ್ಟದ ಪಟ್ಟಿಯಲ್ಲಿ ಖರ್ಚಾಗಿಯೇ ಬರಬೇಕು, ಲಾಭ ಎಷ್ಟು ಎಂಬುದು ಆಮೇಲೆ.

ಬ್ಯಾಂಕು ತೋರಿಸಿದ್ದ ಲಾಭ 24 ಲಕ್ಷ. ತಿದ್ದುಪಡಿ ಬಿದ್ದ ಮೇಲೆ ಉಳಿದದ್ದು 7.60 ಲಕ್ಷ. ವಾರ್ಷಿಕ ವರದಿಯ ಮುದ್ರಣ ಆಗಲೇ ಶುರುವಾಗಿತ್ತು. ಆ ವರ್ಷ ಮಹಾಸಭೆಗೆ ಬಂದ ಸದಸ್ಯರಿಗೆ ಸಿಕ್ಕ ಪುಸ್ತಿಕೆಯಲ್ಲಿ ಡಿವಿಡೆಂಡ್ ಎಂಬ ಸಾಲಿನ ಮೇಲೆ ಬಿಳಿ ಚೀಟಿ ಅಂಟಿಸಿತ್ತು. ಹಲವರು ಅದನ್ನು ಉಗುರಿನಿಂದ ಕೆರೆದು, ಕೆಳಗೆ ಎಷ್ಟಿತ್ತು ಎಂದು ನೋಡುತ್ತಿದ್ದರು.