ಅತ್ತೆಯ ರಜಾ ಚೀಟಿ

ಗಾರ್ಮೆಂಟ್ಸ್‌ನಲ್ಲಿ ಹೆಲ್ಪರ್ ಆಗಿರುವ ನಮ್ಮ ಸೋದರತ್ತೆ ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಬಸ್ಸಿನ ಬೋರ್ಡು, ರೇಷನ್ ಚೀಟಿ ಎಲ್ಲ ಓದುತ್ತಾರೆ. ಬರೆಯುವುದೆಂದರೆ ಮಾತ್ರ ಪೆನ್ನನ್ನು ನಮ್ಮ ಕೈಗೆ ತುರುಕುತ್ತಾರೆ. ಇಂಥವರಿಗೆ ರಜಾ ಅರ್ಜಿ ಬರೆದುಕೊಡುವಾಗ ಹೆಚ್ಚಿನವರು ಸೀದಾ ಬರೆಯಲು ಕೂತುಬಿಡುತ್ತಾರೆ. ಮೊದಲು ಅವರ ಬಾಯಲ್ಲೇ ಹೇಳಿಸಬೇಕು. “ಸೂಪರ್‌ವೈಸರ್ ಎದುರಿಗಿದ್ದಾರೆ ಅಂದ್ಕೊಳ್ಳಿ, ಏನು ಕೇಳ್ತೀರಿ?” ಅಂದೆ. ಅತ್ತೆ ಹೇಳಿದರು:

“ನಮ್ಮಕ್ಕನ ಮಗಳ ಮದ್ವೆ ಐತೆ ಸಾ, ಹದ್ನೈದಕ್ಕೆ. ಗುರುವಾರದಿಂದ ಬರಕಾಗಕಿಲ್ಲ. ನಾಕು ದಿನ ರಜ ಕೊಡಿ. ಸೋಮ್ವಾರ ಬಂದ್ಬುಡ್ತೀನಿ.”

ಅರ್ಜಿಗೆ ಬೇಕಾದದ್ದೆಲ್ಲ ಇದರಲ್ಲೇ ಇದೆ: ಕಾರಣ, ಯಾವತ್ತಿನಿಂದ, ಎಷ್ಟು ದಿನ, ಮತ್ತೆ ಯಾವಾಗ ಹಾಜರು. ಕೊನೆಯದನ್ನು ಓದಿದವರೇ ಎಷ್ಟೋ ಸಲ ಬರೆಯಲು ಮರೆಯುತ್ತಾರೆ.

ಲೆಕ್ಕವನ್ನು ಮಾತ್ರ ಕ್ಯಾಲೆಂಡರ್ ಮುಂದಿಟ್ಟುಕೊಂಡು ನೋಡಬೇಕು. ಗುರುವಾರದಿಂದ ಭಾನುವಾರಕ್ಕೆ ನಾಲ್ಕು ದಿನ ನಿಜ, ಆದರೆ ಭಾನುವಾರ ಹೇಗೂ ವಾರದ ರಜೆ. 1948ರ ಕಾರ್ಖಾನೆಗಳ ಕಾಯ್ದೆ ಕೂಡ ಗಳಿಕೆ ರಜೆಯ ಲೆಕ್ಕದಿಂದ ರಜಾದಿನಗಳನ್ನು ಹೊರಗಿಟ್ಟಿತ್ತು. ಹಾಗಾಗಿ ಕೇಳಬೇಕಾದದ್ದು ಮೂರೇ ದಿನ. ನಾಲ್ಕೆಂದು ಬರೆದರೆ ತಮ್ಮ ಖಾತೆಯ ಒಂದು ದಿನವನ್ನು ತಾವೇ ಕಳೆದುಕೊಂಡಂತೆ. ಅದೇ ಕಾಯ್ದೆಯಲ್ಲಿ, ಗಳಿಕೆ ರಜೆ ಬೇಕಾದವರು ಕನಿಷ್ಠ 15 ದಿನ ಮುಂಚೆ ಬರೆದು ಕೇಳಬೇಕೆಂದಿತ್ತು. ಕಾಯಿಲೆ ಬಿದ್ದವರಿಗೆ ಈ ಗಡುವಿನಿಂದ ವಿನಾಯಿತಿ. ಮದುವೆ ದಿನ ಮೊದಲೇ ಗೊತ್ತಿರುವುದರಿಂದ ಅಷ್ಟು ಮುಂಚೆಯೇ ಅರ್ಜಿ ಕೊಟ್ಟರೆ, ‘ಮೊದಲೇ ಯಾಕೆ ಹೇಳಲಿಲ್ಲ’ ಎಂಬ ಮಾತಿಗೆ ಜಾಗವಿರುವುದಿಲ್ಲ.

ಆಮೇಲೆ ಬರೆದದ್ದು ಇಷ್ಟು:

ದಿನಾಂಕ: 27-4-2026

ಮಾನ್ಯ ಮ್ಯಾನೇಜರ್ ಅವರಿಗೆ,

ವಿಷಯ: 3 ದಿನ ರಜೆ ಕೋರಿ.

ಮಾನ್ಯರೇ,

ನನ್ನ ಅಕ್ಕನ ಮಗಳ ಮದುವೆ 15-5-2026, ಶುಕ್ರವಾರ ನಮ್ಮ ಊರಿನಲ್ಲಿ ನಡೆಯಲಿದೆ. ಆದ್ದರಿಂದ 14-5-2026, ಗುರುವಾರದಿಂದ 16-5-2026, ಶನಿವಾರದವರೆಗೆ 3 ದಿನ ನನಗೆ ರಜೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. 18-5-2026, ಸೋಮವಾರ ಕೆಲಸಕ್ಕೆ ಹಾಜರಾಗುತ್ತೇನೆ.

ವಂದನೆಗಳು.

ಕೆಳಗೆ ಸಹಿ, ಹೆಸರು, ಟೋಕನ್ ನಂಬರ್, ಯಾವ ಲೈನ್ ಎಂಬುದು. ಒಂದೇ ಹೆಸರಿನವರು ಹತ್ತಾರು ಮಂದಿ ಇರುವ ಕಡೆ ಟೋಕನ್ ನಂಬರ್ ಇಲ್ಲದ ಅರ್ಜಿ ಯಾರ ಲೆಕ್ಕಕ್ಕಾದರೂ ಹೋಗಬಹುದು.

‘ಐತೆ’ ಹೋಗಿ ‘ನಡೆಯಲಿದೆ’ ಬಂತು, ‘ಬಂದ್ಬುಡ್ತೀನಿ’ ಹೋಗಿ ‘ಹಾಜರಾಗುತ್ತೇನೆ’ ಬಂತು. ಅದಕ್ಕಿಂತ ಹೆಚ್ಚೇನೂ ಬದಲಾಗಿಲ್ಲ, ಆಗಲೂಬಾರದು. ಹಿಂದೊಮ್ಮೆ ಡಿಗ್ರಿ ಓದುತ್ತಿದ್ದ ಹುಡುಗನೊಬ್ಬ ಅವರಿಗೆ ‘ಕೌಟುಂಬಿಕ ಅನಿವಾರ್ಯತೆಯ ಪ್ರಯುಕ್ತ’ ಎಂದು ಬರೆದುಕೊಟ್ಟಿದ್ದ. ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಸೂಪರ್‌ವೈಸರ್ “ಏನಮ್ಮ ಅಂಥ ಅನಿವಾರ್ಯತೆ?” ಅಂದಾಗ ತಮ್ಮದೇ ಅರ್ಜಿಯಲ್ಲಿ ಏನಿದೆಯೆಂದು ಅತ್ತೆಗೆ ತಿಳಿಯದೆ ಸುಮ್ಮನೆ ನಿಂತರಂತೆ. ಅರ್ಜಿ ಸರಿಯಿದೆಯೇ ಎಂದು ನೋಡಲು ನಾನು ಅದನ್ನು ಅವರಿಂದಲೇ ಗಟ್ಟಿಯಾಗಿ ಓದಿಸುತ್ತೇನೆ. ತಡವರಿಸಿದ ಕಡೆ ಪದ ಬದಲಿಸುತ್ತೇನೆ. ‘ಕೋರಿ’ ಎಂಬಲ್ಲಿ ಸ್ವಲ್ಪ ನಿಂತರು, ಅದು ವಿಷಯದ ಸಾಲಿನ ವಾಡಿಕೆ ಎಂದು ಹೇಳಿಕೊಟ್ಟ ಮೇಲೆ ಒಪ್ಪಿದರು.

“ಮದ್ವೆ ಅಂದ್ರೆ ಕೊಡಕಿಲ್ಲ ಮಗ, ಜ್ವರ ಅಂತ ಬರ್ದುಬುಡು” ಎಂಬ ಒತ್ತಾಯವೂ ಬಂತು. ಮುಂದಿನ ತಿಂಗಳು ಬರುವ ಜ್ವರದ ತಾರೀಕು ಇವತ್ತೇ ಗೊತ್ತಾಗುವುದು ಹೇಗೆ! ವೈದ್ಯರ ಸರ್ಟಿಫಿಕೇಟ್ ಕೇಳಿದರೆ ಎಲ್ಲಿಂದ ತರುವುದು? ಮದುವೆಗಾದರೆ ಲಗ್ನಪತ್ರಿಕೆ ಇದೆ, ಒಂದನ್ನು ಅರ್ಜಿಗೆ ಪಿನ್ ಮಾಡಿದೆವು.

ನಾನು ಬರೆದದ್ದನ್ನು ನೋಡಿಕೊಂಡು ಅವರೇ ನಕಲು ಮಾಡಿದರು. ‘ಶುಕ್ರವಾರ’ ‘ಸುಕ್ರವಾರ’ ಆಯಿತು, ‘ಹಾಜರಾಗುತ್ತೇನೆ’ ‘ಆಜರಾಗುತ್ತೇನೆ’ ಆಯಿತು. ಇವನ್ನು ತಿದ್ದಿದರೆ ಸಾಕು, ಗದರಬೇಕಾಗಿಲ್ಲ. ಓದುವವರಿಗೆ ಅರ್ಥವಂತೂ ಆಗುತ್ತದೆ. ಅಂಕಿ ತಪ್ಪಿದರೆ ಮಾತ್ರ ರಜೆಯೇ ತಪ್ಪುತ್ತದೆ. 16 ಎಂಬುದು 15 ಆದರೆ ಶನಿವಾರ ಗೈರುಹಾಜರಿ ಬಿದ್ದು ಸಂಬಳಕ್ಕೆ ಕತ್ತರಿ. ತಾರೀಕಿನ ಪಕ್ಕ ವಾರವನ್ನೂ ಬರೆಸುವುದು ಇದಕ್ಕೇ: ಒಂದು ತಪ್ಪಿದರೆ ಇನ್ನೊಂದರಿಂದ ಸಿಕ್ಕಿಬೀಳುತ್ತದೆ. ಬರೆಯಲು ಸ್ವಲ್ಪವೂ ಬಾರದವರಾದರೆ ಹೆಬ್ಬೆಟ್ಟು ಒತ್ತಿಸಿ, ಅದು ಯಾರದೆಂದು ಪಕ್ಕದಲ್ಲಿ ಹೆಸರು ಬರೆಯಬೇಕು.

ಅರ್ಜಿ ಎರಡು ಪ್ರತಿ ಇರಲಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ‘ತಲುಪಿದೆ’ ಎಂದು ಸಹಿ, ತಾರೀಕು ಹಾಕಿಸಿಕೊಂಡು ಬರಬೇಕು. ಹಾಕಿಕೊಡದಿದ್ದರೆ ಕೊಡುವ ಮುಂಚೆ ತೆಗೆದ ಫೋಟೊ ಆದರೂ ಮೊಬೈಲಿನಲ್ಲಿರಲಿ. ಅರ್ಜಿ ತಲುಪಿತು ಎಂದರೆ ರಜೆ ಮಂಜೂರಾಯಿತು ಎಂದಲ್ಲ; ಊರಿಗೆ ಬಸ್ ಹತ್ತುವ ಮೊದಲು ಅದನ್ನೊಂದು ಕೇಳಿಕೊಳ್ಳಬೇಕು.