ಮುನಿಸಿಲ್ಲದೆ ಮುಗಿಯುವ ಗೆಳೆತನ

ಹಾಸನದ ಕಡೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಬಂದ ಇಬ್ಬರು ಹುಡುಗಿಯರನ್ನು ಕಲ್ಪಿಸಿಕೊಳ್ಳಿ. ವಿಜಯನಗರದ ಪಿಜಿಯೊಂದರಲ್ಲಿ ನಾಲ್ಕು ವರ್ಷ ಒಂದೇ ಕೋಣೆ. ತಿಂಗಳ ಕೊನೆಯಲ್ಲಿ ಒಬ್ಬಳ ಕೈ ಬರಿದಾದರೆ ಇನ್ನೊಬ್ಬಳ ಪರ್ಸು, ಜ್ವರ ಬಂದರೆ ಗಂಜಿ, ಊರಿಂದ ಬಂದ ಚಕ್ಕುಲಿಯಲ್ಲಿ ಸಮಪಾಲು. ಆಮೇಲೆ ಒಬ್ಬಳು ಮದುವೆಯಾಗಿ ಮೈಸೂರಿಗೆ ಹೋದಳು, ಬಿ.ಎಡ್. ಮಾಡಿದಳು, ಈಗ ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಇನ್ನೊಬ್ಬಳು ಬೆಂಗಳೂರಿನ ಅದೇ ಆಫೀಸಿನಲ್ಲಿದ್ದಾಳೆ. ಇವಳು ರಾತ್ರಿ ಒಂಬತ್ತೂವರೆಗೆ ತಪ್ಪದೆ ಫೋನ್ ಮಾಡುತ್ತಾಳೆ. ಮಾತೆಲ್ಲ ಹಳೆಯ ಟೀಮ್ ಲೀಡರ್, ಹಳೆಯ ರೂಮ್‌ಮೇಟ್‌ಗಳು, ಯಾರು ಯಾರ ಜೊತೆ ಓಡಾಡುತ್ತಿದ್ದರು ಎಂಬುದರ ಸುತ್ತಲೇ. ಒಂದು ಕಾಲಕ್ಕೆ ಹೊಟ್ಟೆ ಹುಣ್ಣಾಗುವಷ್ಟು ನಗಿಸಿದ ಆ ಮಾತಿಗೆ ಮೈಸೂರಿನವಳಿಗೆ ಈಗ ನಗು ಬರುವುದಿಲ್ಲ. ಪರದೆಯ ಮೇಲೆ ಗೆಳತಿಯ ಹೆಸರು ಕಂಡ ಕೂಡಲೇ ಫೋನನ್ನು ಮಗುಚಿ ಇಡುತ್ತಾಳೆ, ಹಾಗೆ ಇಟ್ಟಿದ್ದಕ್ಕೆ ಆಮೇಲೆ ನಿದ್ದೆ ಬಾರದೆ ಒದ್ದಾಡುತ್ತಾಳೆ.

ಇಲ್ಲಿ ಯಾರ ತಪ್ಪೂ ಇಲ್ಲ. ಆದರೆ ತಪ್ಪಿಲ್ಲದೆ ದೂರವಾಗುವುದು ನಮಗೆ ಕಷ್ಟ. ಕಾರಣ ಬೇಕೆನಿಸುತ್ತದೆ, ಕಾರಣ ಸಿಗದಿದ್ದಾಗ ಎದುರಿನವರಲ್ಲಿ ಒಂದು ತಪ್ಪನ್ನು ಹುಡುಕಿ ತೆಗೆಯುತ್ತೇವೆ.

ಅಮೆರಿಕದ ಸಂವಹನ ತಜ್ಞ ಜೆಫ್ರಿ ಹಾಲ್ ಲೆಕ್ಕ ಹಾಕಿದ ಪ್ರಕಾರ ಪರಿಚಯವೊಂದು ಆಪ್ತ ಗೆಳೆತನವಾಗಲು ಸುಮಾರು 200 ಗಂಟೆಗಳ ಒಡನಾಟವಾದರೂ ಬೇಕು. ಒಂದೇ ಕೋಣೆಯಲ್ಲಿ ಇರುವವರಿಗೆ ಅಷ್ಟು ಹೊತ್ತು ಕೆಲವೇ ವಾರಗಳಲ್ಲಿ ತಾನಾಗಿ ಕೂಡಿಬರುತ್ತದೆ. ಆ ಗೆಳೆತನ ಸುಳ್ಳಲ್ಲ, ಆದರೆ ಅದನ್ನು ಹಿಡಿದು ನಿಲ್ಲಿಸಿದ್ದರಲ್ಲಿ ಕೋಣೆಯ ಪಾಲೂ ಇತ್ತು. ನೆದರ್‌ಲ್ಯಾಂಡ್ಸ್‌ನ ಸಮಾಜಶಾಸ್ತ್ರಜ್ಞ ಗೆರಾಲ್ಡ್ ಮೊಲೆನ್‌ಹಾರ್ಸ್ಟ್ ಒಮ್ಮೆ ಮಾತನಾಡಿಸಿದ ಜನರನ್ನೇ ಏಳು ವರ್ಷದ ನಂತರ ಮತ್ತೆ ಮಾತನಾಡಿಸಿದಾಗ, ಅವರ ಒಡನಾಡಿಗಳ ಬಳಗದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಬದಲಾಗಿದ್ದರು. ಬಳಗದ ಗಾತ್ರ ಮಾತ್ರ ಅಷ್ಟೇ ಇತ್ತು. ಮೈಸೂರಿನವಳಿಗೆ ಆಗಿರುವುದು ಎಲ್ಲರಿಗೂ ಆಗುವಂಥದ್ದೇ.

ಹಾಗೆಂದು ಆತುರಪಡಬಾರದು. ಬರೀ ದಣಿವನ್ನೂ ಗೆಳೆತನ ಮುಗಿದಂತೆ ಎಂದುಕೊಳ್ಳುವ ಅಪಾಯವಿದೆ. ಫೋನ್ ಬೇಗ ಮುಗಿದಾಗ ಇನ್ನೂ ಸ್ವಲ್ಪ ಮಾತಾಡಬೇಕಿತ್ತು ಅನ್ನಿಸಿದರೆ ನಿಮಗಿರುವುದು ಸಮಯದ ಕೊರತೆ. ಫೋನೇ ಬಾರದ ದಿನ ಹಾಯೆನಿಸಿದರೆ ವಿಷಯ ಬೇರೆ. ಒಳ್ಳೆಯ ಸುದ್ದಿಯೊಂದು ಬಂದಾಗ ಯಾರಿಗೆ ಹೇಳಬೇಕೆಂದು ಮೊದಲು ಹೊಳೆಯುತ್ತದೆ ಎಂಬುದನ್ನೂ ಗಮನಿಸಿ. ಮನಸ್ಸಿನಲ್ಲಿ ಹಳೆಯ ನೋವೊಂದು ಆಡದೆ ಉಳಿದಿದ್ದರೆ ಮೊದಲು ಅದನ್ನು ಆಡಿ ಮುಗಿಸಬೇಕು, ಏಕೆಂದರೆ ಅದು ಮುನಿಸು, ಮುನಿಸಿಗೆ ರಾಜಿ ಸಾಧ್ಯ. ಕೊನೆಯದಾಗಿ, ಮಾತಿನ ದಿಕ್ಕನ್ನು ಒಂದೆರಡು ಸಲ ನೀವೇ ತಿರುಗಿಸಿ ನೋಡಿ. ಮೈಸೂರಿನವಳು ತನ್ನ ತರಗತಿಯ ಮಕ್ಕಳ ಬಗ್ಗೆ ಹೇಳತೊಡಗಿದಾಗ ಆ ಕಡೆಯವಳು ಆಸಕ್ತಿಯಿಂದ ಕೇಳಿದರೆ ಗೆಳೆತನಕ್ಕೆ ಇನ್ನೂ ಜೀವವಿದೆ. ಎರಡು ನಿಮಿಷದಲ್ಲಿ ಮಾತು ಮತ್ತೆ ಹಳೆಯ ಟೀಮ್ ಲೀಡರ್ ಹತ್ತಿರ ಹೋಗಿ ನಿಂತರೆ ಉತ್ತರ ಸಿಕ್ಕಂತೆ.

ಇನ್ನು ದೂರವಾಗುವ ಬಗೆ. ಸಂಬಂಧಗಳನ್ನು ಜನ ಹೇಗೆ ಮುಗಿಸುತ್ತಾರೆಂದು 1980ರ ದಶಕದಲ್ಲಿ ಅಧ್ಯಯನ ಮಾಡಿದ ಲೆಸ್ಲಿ ಬ್ಯಾಕ್ಸ್‌ಟರ್ ಹಲವು ದಾರಿಗಳನ್ನು ಗುರುತಿಸಿದ್ದರು. ಕೆಲವರು ಸದ್ದಿಲ್ಲದೆ ಸರಿಯುತ್ತಾರೆ. ಕೆಲವರು ಬಾಯಿಬಿಟ್ಟು ಹೇಳುತ್ತಾರೆ. ಇನ್ನು ಕೆಲವರು ಎದುರಿನವರೇ ಬೇಸತ್ತು ಬಿಟ್ಟುಹೋಗಲಿ ಎಂದು ಸಿಡುಕುತ್ತಾ, ಚುಚ್ಚುತ್ತಾ ಇರುತ್ತಾರೆ. ಈ ಮೂರನೆಯದು ಎಲ್ಲಕ್ಕಿಂತ ಕ್ರೂರವೆಂದು ನನ್ನ ಅಭಿಪ್ರಾಯ. ಗೆಳೆತನ ಬಿಡುವ ಹೊಣೆಯನ್ನೂ, ಬಿಟ್ಟ ಅಪವಾದವನ್ನೂ ಅದು ಇನ್ನೊಬ್ಬರ ತಲೆಗೆ ಕಟ್ಟುತ್ತದೆ.

ಸುಮ್ಮನೆ ಸರಿಯಬೇಕೇ, ಹೇಳಬೇಕೇ ಎಂಬುದು ಮಾತುಕತೆ ಈಗ ಎಷ್ಟಿದೆ ಎಂಬುದರ ಮೇಲೆ ನಿಂತಿದೆ. ಎರಡೂ ಕಡೆಯಿಂದ ಮೂರು ತಿಂಗಳಿಗೊಮ್ಮೆ ಫೋನಿದ್ದರೆ ಏನನ್ನೂ ಹೇಳಬೇಕಿಲ್ಲ. ಅದು ತಾನೇ ಆರು ತಿಂಗಳಿಗೆ, ವರ್ಷಕ್ಕೆ ಹೋಗುತ್ತದೆ. ಆದರೆ ದಿನವೂ ಫೋನ್ ಮಾಡುವವಳ ಎದುರು ಮೌನವಾದರೆ ಆಕೆ "ನಾನೇನು ಮಾಡಿದೆ?" ಎಂದು ಕೊರಗುತ್ತಾಳೆ, ಉಳಿದ ಗೆಳತಿಯರನ್ನೆಲ್ಲ ಕೇಳುತ್ತಾಳೆ. ಅಂಥ ಕಡೆ ಹೇಳುವುದೇ ಕರುಣೆ. ವಾಟ್ಸಾಪ್ ಸಂದೇಶ ಬೇಡ, ಅದನ್ನು ಆಕೆ ಹತ್ತು ಸಲ ಓದಿ ಹತ್ತು ಅರ್ಥ ಹಚ್ಚಬಹುದು. ಫೋನಿನಲ್ಲೇ, ಆಕೆಗೆ ಪುರುಸೊತ್ತಿರುವ ರಜೆಯ ದಿನ, ಮಾತಿನ ಆರಂಭದಲ್ಲೇ ಹೇಳುವುದು ಲೇಸು. ಮೈಸೂರಿನವಳು ಹೀಗೆನ್ನಬಹುದು:

"ನೋಡೇ, ದಿನಾ ರಾತ್ರಿ ಮಾತಾಡೋದು ಇನ್ಮೇಲೆ ನನ್ನ ಕೈಲಾಗಲ್ಲ. ಸುಮ್ನೆ ಫೋನ್ ಎತ್ತದೇ ಇದ್ರೆ ನೀನು ಏನೇನೋ ಅಂದ್ಕೊಳ್ತೀಯ, ಅದಕ್ಕೇ ನಾನೇ ಹೇಳ್ತಿದೀನಿ. ನಿಂದೇನೂ ತಪ್ಪಿಲ್ಲ ಕಣೇ. ನಾನು ಬೇರೆ ಥರ ಆಗಿದೀನಿ, ಆಗಿನ ಮಾತು ಈಗ ನಂಗೆ ಬರ್ತಿಲ್ಲ. ನೀನು ಇಲ್ದಿದ್ರೆ ನಾನು ಆ ಊರಲ್ಲಿ ಒಂದು ವರ್ಷಾನೂ ಉಳೀತಿರ್ಲಿಲ್ಲ, ಅದನ್ನ ಮರೆಯಲ್ಲ."

ಇದರಲ್ಲಿ ಗೆಳತಿಯ ಸ್ವಭಾವದ ಬಗ್ಗೆ ಒಂದು ಮಾತೂ ಇಲ್ಲ. ನಿಲ್ಲುತ್ತಿರುವುದು ಏನು ಎಂಬುದು ಸ್ಪಷ್ಟವಾಗಿದೆ, ಋಣವನ್ನು ಒಪ್ಪಿಕೊಂಡಿದ್ದಾಳೆ. "ಕೆಲಸ ಜಾಸ್ತಿ" ಎಂಬ ನೆಪ ಹೇಳಿಲ್ಲ, ಹೇಳಿದ್ದರೆ ಬೇಸಿಗೆ ರಜೆ ಬಂದ ಕೂಡಲೇ ಫೋನ್ ಮತ್ತೆ ಶುರುವಾಗುತ್ತಿತ್ತು. "ಬಿಡುವಾದಾಗ ನಾನೇ ಮಾಡ್ತೀನಿ" ಎಂದೂ ಹೇಳಿಲ್ಲ, ಆ ಮಾತು ಆಕೆಯನ್ನು ಕಾಯುವಂತೆ ಮಾಡುತ್ತದೆ. ಆಕೆ ಅಳಬಹುದು, ರೇಗಬಹುದು, "ಈಗ ನೀನು ದೊಡ್ಡ ಟೀಚರ್ ಆದೆ ಅಲ್ವಾ" ಎನ್ನಬಹುದು. ಆಗ ಹಳೆಯ ಲೆಕ್ಕಗಳನ್ನು ಹೊರತೆಗೆದರೆ ಎಲ್ಲವೂ ಕೆಟ್ಟಂತೆ. ಕೇಳಿಸಿಕೊಂಡು, "ನಿಂಗೆ ಬೇಜಾರಾಗಿರೋದು ಗೊತ್ತಾಗತ್ತೆ" ಎಂದಷ್ಟೇ ಹೇಳಿ ಸುಮ್ಮನಾಗಬೇಕು.

ಮಾತಿಗಿಂತ ಮೊದಲೇ ಮುಗಿಸಬೇಕಾದ ಕೆಲಸಗಳಿವೆ. ತೆಗೆದುಕೊಂಡ ಸಾಲವಿದ್ದರೆ ತೀರಿಸಿ, ಜೊತೆಯಾಗಿ ಹಾಕಿದ ಚೀಟಿಯ ಕಂತು ಮುಗಿಯುವ ತನಕ ಕಟ್ಟಿ, ಯಾರದೋ ಮದುವೆಗೆಂದು ತಂದ ಸೀರೆಯನ್ನು ಹಿಂದಿರುಗಿಸಿ. ಬಾಕಿ ಉಳಿದರೆ ನಾಳೆ ಜಗಳಕ್ಕೆ ಅದೇ ಹಿಡಿ. ಪಿಜಿ ಗೆಳತಿಯರ ವಾಟ್ಸಾಪ್ ಗುಂಪಿನಿಂದ ಹೊರಬರುವುದು ಬೇಡ, ಅದು ಎಲ್ಲರೆದುರು ಬಾಗಿಲು ಬಡಿದಂತೆ. "ಅವಳಿಗೂ ನಿಂಗೂ ಏನಾಯ್ತು?" ಎಂದು ಯಾರಾದರೂ ಕೇಳಿದರೆ "ಏನೂ ಇಲ್ಲ, ಮೊದಲಿನಷ್ಟು ಮಾತಾಡಕ್ಕಾಗಲ್ಲ ಅಷ್ಟೆ" ಎಂಬ ಉತ್ತರ ಸಾಕು. ಆಕೆ ನಂಬಿ ಹೇಳಿದ ಗುಟ್ಟುಗಳು ನಿಮ್ಮಲ್ಲೇ ಉಳಿಯಬೇಕು.

ನಮ್ಮಲ್ಲಿ ಗೆಳೆತನ ಇಬ್ಬರ ನಡುವೆ ಮಾತ್ರ ಇರುವುದೂ ಅಪರೂಪ. ಅವಳ ತಾಯಿಗೆ ಇವಳೂ ಮಗಳು, ಇವಳ ತಮ್ಮನಿಗೆ ಅವಳೂ ಅಕ್ಕ. ಹಾಗಾಗಿ ಪೂರ್ತಿ ಕಡಿದುಕೊಳ್ಳುವುದು ಆಗದ ಮಾತು, ಅದರ ಅಗತ್ಯವೂ ಇಲ್ಲ. ದಿನದ ಗೆಳೆತನವನ್ನು ಮದುವೆ ಮುಂಜಿಗೆ ಹೋಗಿಬರುವ ಸಂಬಂಧವಾಗಿ ಇಳಿಸಿಕೊಳ್ಳುವುದೇ ಇಲ್ಲಿ ಆಗಬೇಕಾದದ್ದು. ಗೃಹಪ್ರವೇಶಕ್ಕೆ ಕರೆದರೆ ಹೋಗಿ, ಅರಿಶಿನ ಕುಂಕುಮ ತೆಗೆದುಕೊಂಡು, ಊಟ ಮಾಡಿ, ಅವಳ ತಾಯಿಯ ಪಕ್ಕ ಕೂತು ಮಾತಾಡಿ ಬರಬೇಕು. ಎಡವುವುದು ಸಾಮಾನ್ಯವಾಗಿ ಇಲ್ಲೇ: ಪಂಕ್ತಿಯಲ್ಲಿ ಹಳೆಯ ದಿನಗಳು ನೆನಪಾಗಿ, ಮನಸ್ಸು ಕರಗಿ, "ನಾಳೆ ಫೋನ್ ಮಾಡ್ತೀನಿ ಕಣೇ" ಎಂದು ಹೇಳಿಬಿಡುತ್ತೇವೆ. ಮಾಡುವುದಿಲ್ಲ. ಆಕೆಗೆ ಹಳೆಯ ಗಾಯ ಮತ್ತೆ ಹಸಿಯಾಗುತ್ತದೆ. ಹಾಗೆಯೇ ಆಕೆಯ ಮನೆಯಲ್ಲಿ ಸಾವು, ಕಾಯಿಲೆ ಅಥವಾ ಕೆಲಸ ಹೋದ ಸಂಕಟವಿದ್ದರೆ ಆ ಹೊತ್ತಿನಲ್ಲಿ ಈ ಮಾತು ಎತ್ತಬಾರದು. ಮಾತಾದ ಮೇಲೆ ಅಂಥ ಕಷ್ಟ ಬಂದರೂ ಹೋಗಿ ನಿಲ್ಲಬೇಕು.

ಎಲ್ಲ ಸರಿಯಾಗಿ ಮಾಡಿದರೂ ಕೆಲವು ವಾರ ಒಂಬತ್ತೂವರೆಗೆ ಮನಸ್ಸು ಖಾಲಿಯೆನಿಸುತ್ತದೆ. ಅಭ್ಯಾಸ ಬಿಟ್ಟುಹೋದ ಆ ದುಃಖವನ್ನು ತಪ್ಪು ನಿರ್ಧಾರದ ಗುರುತೆಂದು ತಿಳಿದು ಮತ್ತೆ ಫೋನ್ ಎತ್ತಿಕೊಳ್ಳಬೇಡಿ. ನೀವು ಈಗಾಗಲೇ ಯಾರದಾದರೂ ಕರೆಯನ್ನು ವಾರಗಟ್ಟಲೆ ತಪ್ಪಿಸುತ್ತಿದ್ದರೆ, ಇನ್ನೊಂದು ನೆಪ ಹುಡುಕುವ ಬದಲು ಈ ಭಾನುವಾರ ನೀವೇ ಫೋನ್ ಮಾಡಿ ಹೇಳಿಬಿಡಿ. ಕಾರಣ ತಿಳಿಯದೆ ಕಾಯುತ್ತಿರುವವರಿಗೆ ಅಷ್ಟನ್ನಾದರೂ ನಾವು ಕೊಡಬೇಕು.